ಅಳಿಯ ಕಳಿಸದ ಹಣ

ಹೊಲಿಗೆ ಮಿಷಿನ್ನು ಮುನಿಸಿಕೊಂಡರೆ ಆ ಬಡಾವಣೆಯ ಜನ ಅಂಗಡಿ ಹುಡುಕಿಕೊಂಡು ಹೋಗುತ್ತಿರಲಿಲ್ಲ. ತಿರುವಿನ ಮನೆಯ ಕಿಟಕಿಯ ಹತ್ತಿರ ನಿಂತು "ಮಿಷಿನ್ ಅಕ್ಕ ಇದಾರಾ?" ಅಂತ ಕೂಗುತ್ತಿದ್ದರು. ಇರದೆ ಎಲ್ಲಿಗೆ ಹೋಗುತ್ತಾಳೆ? ಮುಂದಿನ ಕೋಣೆಯಲ್ಲಿ, ಎಣ್ಣೆ ಕುಡಿದು ಕಪ್ಪಾದ ಮೇಜಿನ ಮುಂದೆ, ಯಾವುದೋ ಮಿಷಿನ್ನಿನ ಹೊಟ್ಟೆ ಬಿಚ್ಚಿಕೊಂಡು ಕೂತಿರುತ್ತಿದ್ದಳು. ಮೇಜಿನ ಮೇಲ್ಗಡೆ ಒಂದು ಕಬ್ಬಿಣದ ತೋಳು, ಅದರ ತುದಿಗೆ ಮುಖ ಕೆಳಗೆ ಮಾಡಿ ಸಿಕ್ಕಿಸಿದ ಫೋನು. ಆ ಫೋನಿಗೆ ಅವಳ ಕೈ ಮಾತ್ರ ಕಾಣುತ್ತಿತ್ತು, ಮುಖವಲ್ಲ.

ಅದು ಶುರುವಾಗಿದ್ದೇ ಒಂದು ತಲೆನೋವಿನಿಂದ. ಒಬ್ಬ ದರ್ಜಿ ದಿನಾ ಬಂದು "ಅಕ್ಕಾ, ಹೊಲಿಗೆ ತಪ್ಪತಾ ಇದೆ" ಅಂತ ಪ್ರಾಣ ತಿನ್ನುತ್ತಿದ್ದ. ಸಾಕಾಗಿ, ಸೂಜಿಗೂ ಕೆಳಗಡೆ ದಾರ ಹಿಡಿಯುವ ಶಟಲ್ಲಿಗೂ ಹೊಂದಿಸುವುದು ಹೇಗೆ ಅಂತ ತೋರಿಸಿ ಒಂದು ವಿಡಿಯೊ ಮಾಡಿ ಹಾಕಿದಳು. ಮಾತು ಕಡಿಮೆ, ಕೆಲಸ ಜಾಸ್ತಿ. ಹಳೇ ಮಿಷಿನ್ನು ಎಲ್ಲ ದೇಶದಲ್ಲೂ ಒಂದೇ ಥರ ಕೆಡುತ್ತದಲ್ಲ, ಅವಳು ಹೆಸರೂ ಕೇಳಿರದ ಊರುಗಳ ಜನ ನೋಡತೊಡಗಿದರು. ಅಜ್ಜಿಯ ಮಿಷಿನ್ನು ಮತ್ತೆ ಓಡಿತು ಅಂತ ಯಾರೋ ಹೂವಿನ ಚಿತ್ರ ಕಳಿಸಿದರು. ಆಮೇಲೆ ವಿಡಿಯೊ ಹಾಕುವ ಆ ವಿದೇಶಿ ಕಂಪನಿ ನಡುನಡುವೆ ಜಾಹೀರಾತು ತೂರಿಸಿ, ಅದರಲ್ಲಿ ಅವಳ ಪಾಲನ್ನು ತಿಂಗಳು ತಿಂಗಳು ಕಳಿಸಲು ಶುರುಮಾಡಿತು. ಮೊದಲ ಸಲ ಅವಳು ನಂಬಲೇ ಇಲ್ಲ. ಎರಡನೇ ಸಲ ಒಂದು ಒಳ್ಳೆಯ ದೀಪ ಕೊಂಡಳು.

ಇನ್ನು ಮನೆಯ ಸಮಾಚಾರ. ಅವಳ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಾವನೂ ಹೋಗಿದ್ದರು. ಉಳಿದವರು ಅತ್ತೆ ಮತ್ತು ಸೊಸೆ. ಮಾವ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರ ಪೆನ್ಶನ್ನು ಅತ್ತೆಯ ಹೆಸರಿಗೆ ಬಂತು. ಬ್ಯಾಂಕಿನ ಮೆಟ್ಟಿಲು ಹತ್ತಲು ತಮಗಾಗದು ಅಂತ ಅತ್ತೆ ಖಾತೆಗೆ ಸೊಸೆಯ ಹೆಸರನ್ನೂ ಸೇರಿಸಿದರು. ಮೊದಲ ಹೆಸರು ಅತ್ತೆಯದು, ಎರಡನೆಯದು ಸೊಸೆಯದು. ಮಾವ ಹೋದ ಮೇಲೆ ಬರುವ ಪೆನ್ಶನ್ನು ಮೊದಲಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ಅಷ್ಟೇ. ಈ ಮಾತನ್ನು ಅತ್ತೆಗೆ ಯಾರೂ ಹೇಳಲಿಲ್ಲ. ಸೊಸೆಯಂತೂ ಹೇಳಲೇ ಇಲ್ಲ. ಕಂಪನಿಯವರು ಹಣ ಎಲ್ಲಿಗೆ ಹಾಕಬೇಕು ಅಂತ ಕೇಳಿದಾಗ ಅದೇ ಖಾತೆಯ ಸಂಖ್ಯೆ ಕೊಟ್ಟಳು. ತಿಂಗಳ ಮೊದಲ ವಾರ ಅವಳು ಹಣ ತೆಗೆದು ತಂದು ಅತ್ತೆಯ ಕೈಗಿಡುತ್ತಿದ್ದಳು. ಅತ್ತೆ ಅದನ್ನು ಕಬೋರ್ಡಿನಲ್ಲಿಟ್ಟು, ಬಾಡಿಗೆ, ಕರೆಂಟು, ಔಷಧಿ ಅಂತ ಒಂದೊಂದಕ್ಕೂ ಎತ್ತಿಕೊಡುತ್ತಾ, "ನಿಮ್ಮ ಮಾವ ಹೋದ್ರೂ ಮನೆ ನಡೆಸ್ತಾ ಇದಾರೆ ನೋಡು" ಅನ್ನುತ್ತಿದ್ದರು. ಹಾಗೆ ಅನ್ನುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಆ ನೆಟ್ಟಗಿನ ಬೆನ್ನಿಗೋಸ್ಕರ ಸೊಸೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಬೀಗ ಮುರಿದದ್ದು ತೆರಿಗೆ ಕಚೇರಿಯ ಒಂದು ಲಕೋಟೆ. ಬಂದದ್ದು ಅತ್ತೆಯ ಹೆಸರಿಗೆ. ಹಿಂದಿನ ವರ್ಷ ನಿಮ್ಮ ಖಾತೆಗೆ ಹೊರದೇಶದಿಂದ ಇಷ್ಟು ಹಣ ಬಂದಿದೆ, ನೀವು ಆದಾಯದ ಲೆಕ್ಕವನ್ನೇ ಕೊಟ್ಟಿಲ್ಲ, ಹಣದ ಮೂಲ ವಿವರಿಸಿ, ವಿವರಿಸದಿದ್ದರೆ ಮೂಲ ತಿಳಿಯದ ಆದಾಯವೆಂದು ಹಿಡಿದು ತೆರಿಗೆಯನ್ನೂ ದಂಡವನ್ನೂ ಹಾಕಲಾಗುವುದು ಎಂದಿತ್ತು. ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿದರು. ಬೇರೆಯವರಾಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಅತ್ತೆಯ ಮುಖ ಅರಳಿತು!

"ನೋಡಿದ್ಯಾ? ಹೊರದೇಶದಿಂದ ಅಂತೆ. ಅಳಿಯಂದ್ರು ಕಳಿಸ್ತಾ ಇದಾರೆ ಕಣೇ! ಒಂದು ಮಾತೂ ಹೇಳ್ದೆ! ಅದೆಂಥ ದೊಡ್ಡ ಮನಸ್ಸು!"

ಅತ್ತೆಯ ಮಗಳು, ಅಳಿಯ ಇಬ್ಬರೂ ಇರುವುದು ಹೊರದೇಶದಲ್ಲೇ. ಅಳಿಯ ಕೆಟ್ಟವನಲ್ಲ, ಆದರೆ ಕೈ ಬಿಗಿ. ಬಂದಾಗ ಒಂದು ಸೋಪಿನ ಡಬ್ಬಿ ತರುತ್ತಿದ್ದ, ಹೋಗುವಾಗ ಖಾಲಿ ಡಬ್ಬಿ ವಾಪಸ್ಸು ಕೇಳುತ್ತಿದ್ದ. ಸೊಸೆ "ಅತ್ತೆ, ಸ್ವಲ್ಪ ತಾಳಿ" ಅನ್ನುವಷ್ಟರಲ್ಲಿ ಅತ್ತೆ ಫೋನು ಹಚ್ಚಿಯಾಗಿತ್ತು.

"ಅಳಿಯಂದ್ರೇ, ನಂಗೆಲ್ಲಾ ಗೊತ್ತಾಯ್ತು. ದುಡ್ಡು ಕಳಿಸ್ತಾ ಇದ್ದೀರಲ್ಲ, ಹೇಳಬಾರ್ದಾ?"

ಆ ಕಡೆಯಿಂದ ಅಳಿಯನ ದನಿ ಕೋಣೆಗೆಲ್ಲ ಕೇಳುವ ಹಾಗೆ ಬಂತು: "ಅಯ್ಯೋ, ಅದನ್ನೆಲ್ಲಾ ಯಾಕೆ ಹೇಳ್ಕೋಬೇಕು ಅತ್ತೆ. ಅದೇನ್ ಮಹಾ."

ಸೊಸೆಯ ಕೈಯಲ್ಲಿದ್ದ ಸ್ಕ್ರೂ ಡ್ರೈವರು ಮೇಜಿಗೆ ಬಡಿಯಿತು. ಅದೇನ್ ಮಹಾ ಅಂತೆ! ಬೆರಳು ಸೀಳಿಕೊಂಡು, ಕತ್ತು ಹಿಡಿದುಕೊಂಡು, ಒಂದು ಚಿಕ್ಕ ಸ್ಪ್ರಿಂಗು ನೆಲಕ್ಕೆ ಹಾರಿದರೆ ಮೊಣಕಾಲೂರಿ ಹುಡುಕಿ ದುಡಿದ ದುಡ್ಡು. ಅವಳು ನಿಜ ಹೇಳಿಬಿಡೋಣ ಅಂತ ಎದ್ದಳು. ಆದರೆ ಅತ್ತೆ ಆಗಲೇ ಪಕ್ಕದ ಮನೆಯ ಗೋಡೆಯ ಬಳಿ ನಿಂತು ಅಳಿಯನ ಗುಣಗಾನಕ್ಕೆ ಉಪ್ಪು ಖಾರ ಹಚ್ಚುತ್ತಿದ್ದರು.

ಮಿಷಿನ್ ಅಕ್ಕ ಲಕೋಟೆ ಎತ್ತಿಕೊಂಡು ಆಡಿಟರ್ ಹತ್ತಿರ ಹೋದಳು. ಔಷಧಿ ಅಂಗಡಿಯ ಮಹಡಿಯ ಮೇಲೆ ಅವರ ಕೋಣೆ. ಅವಳ ಆದಾಯದ ಲೆಕ್ಕವನ್ನು ವರ್ಷವರ್ಷ ಸಲ್ಲಿಸುತ್ತಿದ್ದವರು ಅವರೇ. ನೋಟಿಸು ಓದಿ ಹಣೆ ಒರೆಸಿಕೊಂಡರು.

"ನೀನು ಲೆಕ್ಕ ತೋರಿಸಿದ್ದೀಯ, ತೆರಿಗೆ ಕಟ್ಟಿದ್ದೀಯ. ಅದೆಲ್ಲಾ ಸರಿಯಮ್ಮ. ಆದ್ರೆ ಹಣ ಬಿದ್ದಿರೋದು ಯಾವ ಖಾತೆಗೆ? ಮೊದಲ ಹೆಸರು ಯಾರ್ದು? ಬ್ಯಾಂಕು ಮೊದಲ ಹೆಸರಿನವರ ತೆರಿಗೆ ನಂಬರಿಗೇ ವರದಿ ಕಳಿಸುತ್ತೆ. ನಿಮ್ಮ ಅತ್ತೆ ಲೆಕ್ಕ ಕೊಡೋರಲ್ಲ, ಪೆನ್ಶನ್ನು ಅಷ್ಟಿಲ್ಲ. ಹಾಗಾಗಿ ತೆರಿಗೆಯವರ ಕಣ್ಣಿಗೆ ಆಯಮ್ಮ ಹೊರದೇಶದ ದುಡ್ಡು ಮುಚ್ಚಿಟ್ಟಿದ್ದಾರೆ."

"ನನ್ನ ದುಡ್ಡು ಅಂತ ಹೇಳಿದ್ರೆ ಆಗಲ್ವಾ ಸಾರ್?"

"ಹೇಳಿದ್ರೆ ಆಗಲ್ಲ, ತೋರಿಸ್ಬೇಕು. ಖಾತೆಯ ಪಟ್ಟಿಯಲ್ಲಿ ಬರೀ ಒಂದು ನಂಬರು, ಒಂದು ಮೊತ್ತ ಇರುತ್ತೆ. ಯಾರು ಯಾರಿಗೆ ಯಾಕೆ ಕಳಿಸಿದ್ರು ಅನ್ನೋದು ಅಡ್ವೈಸಲ್ಲಿರುತ್ತೆ. ಹೊರಗಿಂದ ಹಣ ಬಂದಾಗಲೆಲ್ಲ ಬ್ಯಾಂಕು ಕೊಡೋ ಚೀಟಿ. ಪ್ರತಿ ತಿಂಗಳದ್ದೂ ಬೇಕು. ಇನ್ನೊಂದು ಕಡೆ ಕಂಪನಿಯವರ ತಿಂಗಳ ಲೆಕ್ಕ. ಎರಡಕ್ಕೂ ತಾಳೆ ಹಾಕಿದ್ರೆ ಮುಗೀತು."

ಅವಳು ಎದ್ದು ನಿಂತವಳು ಮತ್ತೆ ಕೂತಳು. ಅಳಿಯನ ಪುರಾಣ ಹೇಳಿದಳು. ಆಡಿಟರ್ ನಗಲಿಲ್ಲ.

"ಅತ್ತೆ ಆ ಥರ ಬರೆದುಕೊಟ್ರೆ ಕೆಲಸ ಕೆಟ್ಟಹಾಗೆ. ಕಳಿಸಿದವರ ಹೆಸರು ಕಂಪನಿದು ಅಂತ ಮೊದಲ ಚೀಟಿಯಲ್ಲೇ ಸಿಕ್ಕಿಬೀಳುತ್ತೆ. ಸುಳ್ಳು ಹೇಳಿದ್ರು ಅಂತ ಆದ್ಮೇಲೆ ನಿನ್ನ ನಿಜಾನೂ ಯಾರೂ ನಂಬಲ್ಲ. ದಂಡ ಅವರ ತಲೆ ಮೇಲೆ."

ದಂಡವಷ್ಟೇ ಆಗಿದ್ದರೆ ಅವಳು ಹೇಗೋ ಕಟ್ಟುತ್ತಿದ್ದಳೋ ಏನೋ. ವಯಸ್ಸಾದ ಅತ್ತೆಯ ಹೆಸರಿನ ಮುಂದೆ ಕಳ್ಳಹಣ ಅಂತ ಬರೆದುಬಿಟ್ಟರೆ? ತನ್ನ ಕೆಲಸ ಕೆಲಸವೇ ಅಲ್ಲ ಅಂತ ಆಗಿಬಿಟ್ಟರೆ? ಇಲ್ಲ, ಬಿಡುವುದಿಲ್ಲ ಅಂದುಕೊಂಡು ಮೆಟ್ಟಿಲಿಳಿದಳು.

ಬ್ಯಾಂಕಿನಲ್ಲಿ ವಿದೇಶಿ ವ್ಯವಹಾರ ನೋಡುವ ಮೇಡಂ ಒಳಗಿನ ಮೂಲೆಯಲ್ಲಿ ಕೂತಿದ್ದರು. ಗಣಕಯಂತ್ರ ತಟ್ಟಿ ನೋಡಿ, "ಅಡ್ವೈಸುಗಳು ಆಗಿಂದಾಗ್ಗೆ ಇ-ಮೇಲಿಗೆ ಹೋಗಿವೆಯಲ್ಲಾ" ಅಂದರು. ಯಾವ ಇ-ಮೇಲು? ಮಾವನದು! ಅವರು ಬದುಕಿದ್ದಾಗ ಅತ್ತೆಯ ಹೆಸರಲ್ಲಿ ಖಾತೆ ತೆರೆಸುವಾಗ ಕೊಟ್ಟದ್ದು. ಅದರ ಗುಟ್ಟಿನ ಸಂಕೇತವನ್ನು ಮಾವ ತಮ್ಮ ಜೊತೆಗೇ ಒಯ್ದಿದ್ದರು. ಮೆಸೇಜು ಹೋಗುವ ನಂಬರೂ ಮಾವನದೇ, ಅದೂ ಸತ್ತು ಹೋಗಿತ್ತು.

"ನಕಲು ಕೊಡಬಹುದು. ಆದ್ರೆ ತೆರಿಗೆ ವಿಚಾರಣೆಗೆ ಅಂತೀರಿ, ನೋಟಿಸು ಮೊದಲನೇ ಹೆಸರಿನವರಿಗೆ ಬಂದಿದೆ. ನಮ್ಮ ಶಾಖೆಯ ನಿಯಮ, ಅವರ ಸಹಿ ಬೇಕು. ಕರ್ಕೊಂಡ್ ಬನ್ನಿ" ಅಂದರು ಮೇಡಂ.

ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡಳು. ಮನೆ ಮುಟ್ಟುವಷ್ಟರಲ್ಲಿ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅತ್ತೆಯ ಎದುರು ಕೂತು ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಅತ್ತೆ, ಆ ದುಡ್ಡು ಅಳಿಯಂದ್ರು ಕಳಿಸಿದ್ದಲ್ಲ. ನನ್ನ ವಿಡಿಯೊಗೆ ಬಂದಿದ್ದು. ಇಷ್ಟು ವರ್ಷ ನಾನು ನಿಮ್ಮ ಕೈಗೆ ಕೊಟ್ಟಿದ್ರಲ್ಲೂ ಮಾವನ ಪೆನ್ಶನ್ನು ಸ್ವಲ್ಪಾನೇ. ಉಳಿದಿದ್ದು ಇದೇ."

ಚಾಕು ನಿಂತಿತು. ಅತ್ತೆ ತಲೆ ಎತ್ತಲಿಲ್ಲ.

"ಅಂದ್ರೆ ನಾನು ಕಬೋರ್ಡಿಂದ ಎತ್ತಿ ಎತ್ತಿ ಕೊಡ್ತಾ ಇದ್ದಾಗ ನೀನು ಒಳಗೊಳಗೆ ನಗ್ತಾ ಇದ್ದೆ."

"ಅಯ್ಯೋ, ಇಲ್ಲ ಅತ್ತೆ!"

"ನನ್ನನ್ನ ಏನಂದ್ಕೊಂಡಿದ್ದೀಯ? ಆಟದ ಗೊಂಬೆನಾ? ಕೀ ಕೊಟ್ಟು ಕೂರಿಸಿದ್ದೀಯ." ಹೆಚ್ಚಿದ್ದೆಲ್ಲವನ್ನೂ ಹಾಗೇ ಬಿಟ್ಟು ಅತ್ತೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಹಿಯ ವಿಷಯ ಎತ್ತಿದರೆ ಒಳಗಿನಿಂದ ಉತ್ತರ ಬಂತು: "ನಿನ್ನ ಫೋನಿನಾಟಕ್ಕೆ ಅಷ್ಟು ದುಡ್ಡು ಯಾವ ಹುಚ್ಚ ಕೊಡ್ತಾನೆ? ನಾನ್ ನಂಬಲ್ಲ. ಸಹಿ ಹಾಕಲ್ಲ."

ಸೊಸೆಗೆ ಅಳು ಬಂತು, ಅಳುವುದನ್ನೂ ಮೀರಿ ಸಿಟ್ಟು ಬಂತು. ಸಿಟ್ಟು ತನ್ನ ಮೇಲೇ. ಒಳ್ಳೇದು ಮಾಡುತ್ತೇನೆ ಅಂತ ಹೊರಟು ಒಬ್ಬ ದೊಡ್ಡವರನ್ನು ಚಿಕ್ಕವರನ್ನಾಗಿ ಮಾಡಿದ್ದೆ ಎಂಬುದು ಅವಳಿಗೆ ಆವತ್ತೇ ಹೊಳೆದದ್ದು. ಆದರೂ ಹಿಂದೆ ಸರಿಯಲಿಲ್ಲ. ಉತ್ತರ ಕೊಡುವ ಗಡುವು ಹತ್ತಿರವಾಗುತ್ತಿತ್ತು. ಬೆಳಿಗ್ಗೆ ಟೀ ಲೋಟದ ಪಕ್ಕ ಬ್ಯಾಂಕಿಗೆ ಕೊಡುವ ಅರ್ಜಿ ಇಟ್ಟಳು, ಊಟದ ತಟ್ಟೆಯ ಪಕ್ಕ ಇಟ್ಟಳು. ಅತ್ತೆ ಅದರ ಮೇಲೆ ಬಿಸಿ ಪಾತ್ರೆ ಇಟ್ಟರು. ಇನ್ನೊಂದು ಅರ್ಜಿ ಬರೆದಳು. ಅದರಲ್ಲಿ ಅತ್ತೆ ಕೈ ಒರೆಸಿಕೊಂಡರು. ಮತ್ತೊಂದು ಬರೆದಳು.

ಕೊನೆಗೆ ಒಂದು ದಿನ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು. "ನಡಿ. ಬ್ಯಾಂಕಿನವಳ ಬಾಯಿಂದಾನೇ ಕೇಳ್ತೀನಿ. ನಿನ್ನ ಮಾತು ಬೇಡ ನಂಗೆ."

ಮೇಡಂ ಅತ್ತೆಗೆ ಕುರ್ಚಿ ಹಾಕಿಸಿ, ಪರದೆಯ ಮೇಲಿನ ಒಂದು ಅಡ್ವೈಸನ್ನು ನಿಧಾನವಾಗಿ ಓದಿ ಹೇಳಿದರು. ಕಳಿಸಿದವರು ಇಂಥ ಕಂಪನಿ. ಇಷ್ಟು ಡಾಲರು. ಅವತ್ತಿನ ದರ ಇಷ್ಟು. ನಡುವಿನ ಬ್ಯಾಂಕು ಹಿಡಿದುಕೊಂಡ ಶುಲ್ಕ ಇಷ್ಟು. ಉದ್ದೇಶ, ಜಾಹೀರಾತು ಸೇವೆಗೆ ಸಂದ ಹಣ. ಸಲ್ಲಬೇಕಾದವರು...

ಅಲ್ಲಿ ಮೇಡಂ ಸೊಸೆಯ ಪೂರ್ತಿ ಹೆಸರು ಓದಿದರು. ಖಾತೆಯಲ್ಲಿ ಎರಡನೆಯದಾಗಿದ್ದ ಹೆಸರು ಆ ಚೀಟಿಯಲ್ಲಿ ಒಂದೇ ಒಂದಾಗಿ ಇತ್ತು.

"ನಂದು ಎಲ್ಲಿ?" ಅಂದರು ಅತ್ತೆ.

"ನಿಮ್ಮದು ಇದರಲ್ಲಿ ಇಲ್ಲಮ್ಮ. ಖಾತೆ ನಿಮ್ಮದೂ ಹೌದು, ಅಷ್ಟೇ. ಹಣ ಕಳಿಸಿರೋದು ಇವರಿಗೆ."

"ಎಲ್ಲಾ ತಿಂಗಳೂ ಹೀಗೇನಾ?"

"ಎಲ್ಲಾ ತಿಂಗಳೂ."

ಅತ್ತೆ ಮೇಜಿನ ಅಂಚು ಸವರುತ್ತಾ ಕೇಳಿದರು, "ನಮ್ಮ ಯಜಮಾನರ ಪೆನ್ಶನ್ನು ಎಷ್ಟು ಬರುತ್ತೆ?" ಮೇಡಂ ಹೇಳಿದರು. ಅತ್ತೆ ಇನ್ನೊಂದು ಸಲ ಹೇಳಿಸಿಕೊಂಡರು. ಔಷಧಿಗೂ ಸಾಲದ ಮೊತ್ತ ಅದು. ಅವರು ಸೊಸೆಯ ಕಡೆ ತಿರುಗದೆ ಕೈ ಚಾಚಿ "ಪೆನ್ನು" ಅಂದರು. ಸಹಿ ಹಾಕಿದರು. ಮನೆಗೆ ಬಂದವರು ನೇರ ಫೋನಿನ ಹತ್ತಿರ ಹೋದರು.

"ಅಳಿಯಂದ್ರೇ, ತೆರಿಗೆಯವರು ವಿಚಾರಣೆಗೆ ಕರೆದಿದಾರೆ. ನೀವೇ ಕಳಿಸಿದ್ದಲ್ವಾ, ಬಂದು ಒಂದು ಸಹಿ ಹಾಕಿ ಹೋಗಿ."

ಆ ಕಡೆಯ ಕೆಮ್ಮು ಮುಗಿಯುವ ತನಕವೂ ಅತ್ತೆ ಕಾಯಲಿಲ್ಲ, ಫೋನು ಇಟ್ಟುಬಿಟ್ಟರು. ಸೊಸೆ ನಗು ತಡೆಯಲಾಗದೆ ಹಿತ್ತಲಿಗೆ ಓಡಿದಳು.

ಅಡ್ವೈಸುಗಳು ಕೈಗೆ ಬಂದ ಮೇಲೆ ಕೆಲಸ ಶುರುವಾಯಿತು. ಮುಂದಿನ ಕೋಣೆಯ ಮೇಜಿನ ಮೇಲಿದ್ದ ಮಿಷಿನ್ನುಗಳನ್ನೆಲ್ಲ ನೆಲಕ್ಕಿಳಿಸಿ, ಒಂದು ಸಾಲಿನಲ್ಲಿ ಬ್ಯಾಂಕಿನ ಚೀಟಿ, ಅದರ ಕೆಳಗೆ ಕಂಪನಿಯ ಆ ತಿಂಗಳ ಲೆಕ್ಕ ಇಟ್ಟಳು. ಕಂಪನಿಯ ಲೆಕ್ಕದಲ್ಲಿದ್ದ ಪಾವತಿ ಸಂಖ್ಯೆಯೇ ಚೀಟಿಯಲ್ಲೂ ಇತ್ತು. ಮೊತ್ತದಲ್ಲಿ ಸಣ್ಣ ವ್ಯತ್ಯಾಸ ಕಂಡಲ್ಲಿ ಕಾರಣವೂ ಅಲ್ಲೇ ಇತ್ತು, ನಡುವಿನ ಬ್ಯಾಂಕಿನ ಶುಲ್ಕ. ಎಲ್ಲ ಕೂಡಿಸಿ ತಾನು ಸಲ್ಲಿಸಿದ್ದ ಆದಾಯದ ಲೆಕ್ಕದ ಜೊತೆ ಹೋಲಿಸಿದಳು. ಕೂಡಲಿಲ್ಲ. ಮತ್ತೆ ಕೂಡಿಸಿದಳು. ಚೀಟಿಗಳಲ್ಲಿ ಒಂದು ಕಂತು ಹೆಚ್ಚಿಗೆ ಬರುತ್ತಿತ್ತು.

ಲೆಕ್ಕದ ವರ್ಷದ ಕೊನೆಯ ವಾರದಲ್ಲಿ ಬಂದ ಹಣ ಅದು. ಮುಂದಿನ ವರ್ಷಕ್ಕೆ ಸೇರಿಸಿದರಾಯಿತು ಅಂತ ಬಿಟ್ಟಿದ್ದಳು, ಆಮೇಲೆ ಅದರ ನೆನಪೇ ಹಾರಿಹೋಗಿತ್ತು. ಅವಳು ಆ ಚೀಟಿ ಹಿಡಿದು ಆಡಿಟರ್ ಹತ್ತಿರ ಓಡಿದಳು. ನೋಟಿಸು ಅತ್ತೆಯ ಮೇಲೆ ಬಂದದ್ದು ತಪ್ಪು. ಆದರೆ ಪೂರ್ತಿ ತಪ್ಪಲ್ಲ.

ಆಡಿಟರ್ ಗಡ್ಡ ಕೆರೆದುಕೊಂಡರು. "ಒಂದೇ ಕಂತು. ಕೇಳಿದ್ರೆ ಹೇಳೋಣ."

"ಕೇಳೋದಕ್ಕೆ ಮುಂಚೆ ಹೇಳ್ತೀನಿ ಸಾರ್. ಅದೊಂದನ್ನ ಮುಚ್ಚಿಟ್ರೆ ಉಳಿದಿದ್ದೆಲ್ಲಾ ಕೊಳೆಯುತ್ತೆ. ಲೆಕ್ಕ ತಿದ್ದಿ ಹಾಕಿ. ಬಡ್ಡಿ ಎಷ್ಟಾಗುತ್ತೋ ಕಟ್ತೀನಿ."

ಆಡಿಟರ್ ಅವಳನ್ನು ಒಂದು ಗಳಿಗೆ ನೋಡಿ, "ಆಯ್ತಮ್ಮ, ಅದೇ ಸರಿ" ಅಂದರು. ತಿದ್ದಿದ ಲೆಕ್ಕ ಹೋಯಿತು, ತೆರಿಗೆಯೂ ಬಡ್ಡಿಯೂ ಸಂದಾಯವಾಯಿತು, ರಸೀದಿ ಚೀಟಿಗಳ ಮೇಲೆ ಕೂತಿತು. ಹೊಸದಾಗಿ ಕೊಳ್ಳಬೇಕೆಂದಿದ್ದ ಕ್ಯಾಮರಾದ ಆಸೆಯನ್ನು ಅವಳು ಮುಂದಕ್ಕೆ ತಳ್ಳಿದಳು.

ವಿಚಾರಣೆಯ ದಿನ ಅತ್ತೆ, ಸೊಸೆ, ಆಡಿಟರ್ ಮೂವರೂ ತೆರಿಗೆ ಕಚೇರಿಯ ಬೆಂಚಿನ ಮೇಲೆ ಸಾಲಾಗಿ ಕೂತರು. ಒಳಗೆ ಕರೆದ ಅಧಿಕಾರಿ ಮಧ್ಯವಯಸ್ಸಿನವರು, ಮಾತು ಸಣ್ಣ, ಕಣ್ಣು ಚುರುಕು. ಚೀಟಿಗಳನ್ನು ಒಂದೊಂದಾಗಿ ತಿರುವಿದರು. ಪಾವತಿ ಸಂಖ್ಯೆಯ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಾ ಹೋದರು. ರಸೀದಿ ಕಂಡು ಹುಬ್ಬೇರಿಸಿದರು.

"ಇದೇನು, ನೋಟಿಸು ಅವರಿಗೆ, ಬಡ್ಡಿ ಕಟ್ಟಿರೋದು ನೀವು?"

"ಹೌದು ಸಾರ್. ಒಂದು ಕಂತು ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ತಪ್ಪು ನಂದು."

ಅಧಿಕಾರಿ ತಲೆಯಾಡಿಸಿ ಬರೆದುಕೊಂಡರು. ಆಮೇಲೆ ಚೀಟಿಗಳನ್ನೆಲ್ಲ ಸರಿಸಿ ಅತ್ತೆಯ ಕಡೆ ತಿರುಗಿದರು. "ಅಮ್ಮ, ಕಾಗದ ಸರಿ ಇದೆ. ಆದ್ರೆ ಖಾತೆ ನಿಮ್ಮದು, ಖರ್ಚು ಮಾಡಿರೋದೂ ನಿಮ್ಮ ಮನೆಗೆ. ನೀವೇ ಹೇಳಿ. ಈ ಹಣ ನಿಮ್ಮದಾ?"

ಮಿಷಿನ್ ಅಕ್ಕ ಅತ್ತೆಯ ಕಡೆ ತಿರುಗಿದಳು. ಬ್ಯಾಂಕಿನಿಂದ ಬಂದ ದಿನದಿಂದ ಅತ್ತೆ ಆ ದುಡ್ಡಿನ ಬಗ್ಗೆ ಅವಳ ಹತ್ತಿರ ಒಂದಕ್ಷರವನ್ನೂ ಆಡಿರಲಿಲ್ಲ. ಕಬೋರ್ಡಿನ ಬೀಗದ ಕೈಯನ್ನು ಅವಳ ಮೇಜಿನ ಮೇಲೆ ಎಸೆದದ್ದಷ್ಟೇ.

"ಅಲ್ಲ" ಅಂದರು ಅತ್ತೆ. ದನಿ ಒಡೆಯಲಿಲ್ಲ. "ನಂದಲ್ಲ. ನನ್ನ ಸೊಸೆದು. ನಾನು ಅದ್ರಲ್ಲಿ ಊಟ ಮಾಡ್ತಾ ಇದ್ದೆ. ಗೊತ್ತಿರ್ಲಿಲ್ಲ."

ಅಧಿಕಾರಿ ಒಂದು ಹಾಳೆ ಮುಂದಿಟ್ಟರು. "ಅದನ್ನೇ ಬರೆದುಕೊಡಿ. ಖಾತೆಗೆ ಬಂದ ವಿದೇಶಿ ಹಣ ನನ್ನ ಆದಾಯವಲ್ಲ, ನನ್ನ ಸೊಸೆಯ ಆದಾಯ, ಅಂತ. ಸಾಕು. ನಿಮ್ಮ ಮೇಲಿನ ನೋಟಿಸನ್ನ ಕೈಬಿಡ್ತೀನಿ."

ಅತ್ತೆ ಕನ್ನಡಕ ಹಾಕಿ, ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದರು. ಮುಗಿಯಿತು ಅಂತ ಆಡಿಟರ್ ಕೈ ಚಾಚಿದರು. ಅತ್ತೆ ಹಾಳೆ ಕೊಡಲಿಲ್ಲ. ಕೆಳಗೆ ಇನ್ನೊಂದು ಸಾಲು ಶುರುಮಾಡಿದರು.

"ಅಷ್ಟು ಸಾಕಮ್ಮ" ಅಂದರು ಅಧಿಕಾರಿ.

"ನಿಮಗೆ ಸಾಕಿರಬಹುದು ಸ್ವಾಮಿ. ನನಗೆ ಸಾಲದು" ಅಂದರು ಅತ್ತೆ, ತಲೆ ಎತ್ತದೆ.

ಬರೆದು ಮುಗಿಸಿ ಸಹಿ ಹಾಕಿ ಹಾಳೆಯನ್ನು ಅಧಿಕಾರಿಗೆ ಕೊಡುವ ಮುಂಚೆ ಸೊಸೆಯ ಮುಂದೆ ಹಿಡಿದರು. ಅಧಿಕಾರಿ ಹೇಳಿದ ಸಾಲಿನ ಕೆಳಗೆ ಅತ್ತೆಯ ದಪ್ಪ ಅಕ್ಷರ: 'ಇದು ಯಾರೂ ಕಳಿಸಿದ್ದಲ್ಲ, ಇವಳು ಕೆಲಸ ಮಾಡಿ ದುಡಿದದ್ದು. ಈ ಮನೆ ನಡೆಸುತ್ತಿರುವವಳು ಇವಳು.'

ಮಿಷಿನ್ ಅಕ್ಕ ಅದನ್ನು ಕೈಗೆ ತಗೊಂಡು ಓದಿದಳು. ಅಷ್ಟು ದಿನ ಬಿಗಿ ಹಿಡಿದದ್ದೆಲ್ಲ ಕಿತ್ತುಕೊಂಡು ಬಂದು, ಸರ್ಕಾರಿ ಕಚೇರಿ ಅನ್ನುವುದನ್ನೂ ಮರೆತು ಗೊಳೋ ಅಂತ ಅತ್ತುಬಿಟ್ಟಳು. ಅಧಿಕಾರಿ ಗಾಬರಿಯಾಗಿ ನೀರಿನ ಲೋಟ ಮುಂದೆ ಸರಿಸಿದರು.

"ಅಳಬೇಡ ಕಣೇ, ಹಾಳೆ ಒದ್ದೆ ಆಗುತ್ತೆ" ಅಂತ ಗದರಿದ ಅತ್ತೆ, ಅದನ್ನು ಸೊಸೆಯ ಕೈಯಿಂದ ಕಿತ್ತುಕೊಂಡು ಮೇಜಿನ ಮೇಲಿಟ್ಟರು.